ಇದ್ದಲ್ಲೇ ಇರಲಿ ಐಕಾನ್

ಮ್ಯಾಕ್ ಪರದೆಯನ್ನು ಓರಣ ಮಾಡುವುದೆಂದರೆ ಐಕಾನ್‌ಗಳನ್ನು ಕಡಿಮೆ ಮಾಡುವುದು ಎಂದೇ ಹೆಚ್ಚಿನವರು ಅಂದುಕೊಂಡಿದ್ದಾರೆ. ನನ್ನ ಲೆಕ್ಕದಲ್ಲಿ ಅದು ಆಮೇಲಿನ ಮಾತು. ಗಮನ ಕೆಡುವುದು ಐಕಾನ್ ಜಾಸ್ತಿ ಇರುವುದರಿಂದ ಅಲ್ಲ, ನಿನ್ನೆ ಇದ್ದಲ್ಲಿ ಇವತ್ತು ಇಲ್ಲದಿರುವುದರಿಂದ. ಹೊಸ ಮ್ಯಾಕ್‌ನಲ್ಲಿ ಮೆನು ಬಾರ್, ಡಾಕ್, ಸ್ಪೇಸಸ್ ಮೂರೂ ನಮ್ಮನ್ನು ಕೇಳದೆ ಜಾಗ ಬದಲಿಸುತ್ತಿರುತ್ತವೆ. 13 ಇಂಚಿನ ಮ್ಯಾಕ್‌ಬುಕ್ ಏರ್‌ನಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವವರೊಬ್ಬರು ಇದ್ದಾರೆ ಎಂದುಕೊಂಡು ಇದನ್ನು ನೋಡೋಣ.

ಅವರಿಗೆ ಮೆನು ಬಾರ್‌ನಲ್ಲಿ ತೀರಾ ಬೇಕಾದದ್ದು ಕೀಲಿಮಣೆ ಈಗ ಯಾವ ಭಾಷೆಯಲ್ಲಿದೆ ಎಂದು ತೋರಿಸುವ ಚಿಹ್ನೆ. 2021ರ ಮ್ಯಾಕ್‌ಬುಕ್ ಪ್ರೊ, 2022ರ ಏರ್‌ನಿಂದೀಚೆಗೆ ಪರದೆಯ ನೆತ್ತಿಯಲ್ಲಿ ಕ್ಯಾಮೆರಾಗೆಂದು ಒಂದು ಕಪ್ಪು ಕಚ್ಚು ಬಂದಿದೆ. ಬಲಗಡೆಯ ಚಿಹ್ನೆಗಳು ಹೆಚ್ಚಾಗಿ ಆ ಕಚ್ಚನ್ನು ಮುಟ್ಟಿದರೆ ಎಡತುದಿಯವು ಸದ್ದಿಲ್ಲದೆ ಮಾಯವಾಗುತ್ತವೆ. ಆ್ಯಪ್ ಓಡುತ್ತಲೇ ಇರುತ್ತದೆ, ಚಿಹ್ನೆ ಮಾತ್ರ ಕಾಣುವುದಿಲ್ಲ. ಉದ್ದ ಮೆನುವಿನ ಆ್ಯಪ್ ಮುಂದಿರುವಾಗ ಕಾಣದ ಚಿಹ್ನೆ ಫೈಂಡರ್‌ಗೆ ಬಂದರೆ ಮತ್ತೆ ಕಾಣಿಸಿಕೊಂಡರೆ ಜಾಗ ಸಾಲದಿರುವುದೇ ಕಾರಣ.

ಕಮಾಂಡ್ ಕೀಲಿ ಒತ್ತಿಹಿಡಿದು ಭಾಷೆಯ ಚಿಹ್ನೆಯನ್ನು ಬಲಕ್ಕೆ, ಗಡಿಯಾರದ ಕಡೆಗೆ ಎಳೆಯಿರಿ. ಆ ತುದಿಯಲ್ಲಿರುವುದು ಕೊನೆಯವರೆಗೂ ಉಳಿಯುತ್ತದೆ. ವೈ-ಫೈ, ಬ್ಲೂಟೂತ್‌ಗಳು ಕಂಟ್ರೋಲ್ ಸೆಂಟರ್‌ನಲ್ಲಿ ಹೇಗೂ ಸಿಗುವುದರಿಂದ ಅವನ್ನು ಹಾಗೆಯೇ ಕೆಳಕ್ಕೆಳೆದು ಬಿಟ್ಟರೆ ಬಾರ್‌ನಿಂದ ಹೋಗುತ್ತವೆ. ಬೇರೆ ಕಂಪನಿಗಳ ಆ್ಯಪ್‌ಗಳ ಚಿಹ್ನೆಯನ್ನು ಸಾಮಾನ್ಯವಾಗಿ ಅದರದರ ಸೆಟ್ಟಿಂಗ್‌ನಲ್ಲೇ ಆಫ್ ಮಾಡಬೇಕು. ಇಷ್ಟಾದ ಮೇಲೂ ಇಕ್ಕಟ್ಟೆನಿಸಿದರೆ ಟರ್ಮಿನಲ್‌ನಲ್ಲಿ ಚಿಹ್ನೆಗಳ ನಡುವಿನ ತೆರವನ್ನು ಕಿರಿದು ಮಾಡಬಹುದು:

```
defaults -currentHost write -globalDomain NSStatusItemSpacing -int 6
```

ಲಾಗ್ ಔಟ್ ಮಾಡಿ ಮತ್ತೆ ಒಳಬಂದ ಮೇಲಷ್ಟೇ ಇದು ಕಾಣುತ್ತದೆ. ಬೇಡವೆನಿಸಿದರೆ `write` ಜಾಗದಲ್ಲಿ `delete` ಹಾಕಿ, ಕೊನೆಯ `-int 6` ಬಿಟ್ಟು ಓಡಿಸಿದರಾಯಿತು.

ಡಾಕ್‌ನ ಕಾಟ ಬೇರೆ ಬಗೆಯದು. ಅದು ಪರದೆಯ ನಟ್ಟನಡುವೆ ನಿಲ್ಲುವುದರಿಂದ ಒಂದು ಹೊಸ ಐಕಾನ್ ಸೇರಿದರೆ ಸಾಕು, ಉಳಿದವೆಲ್ಲ ಸ್ವಲ್ಪ ಸ್ವಲ್ಪ ಸರಿಯುತ್ತವೆ. ಇತ್ತೀಚೆಗೆ ಬಳಸಿದ ಆ್ಯಪ್‌ಗಳನ್ನು ತೋರಿಸುವ ಆಯ್ಕೆಯೇ ಇದಕ್ಕೆ ಮುಖ್ಯ ಕಾರಣ. ಸೆಟ್ಟಿಂಗ್ಸ್‌ನ Desktop & Dock ಪುಟದಲ್ಲಿ ಅದನ್ನು ಆಫ್ ಮಾಡಿ, ಮಿನಿಮೈಸ್ ಮಾಡಿದ ವಿಂಡೋ ತನ್ನ ಆ್ಯಪ್‌ನ ಐಕಾನ್‌ಗೇ ಹೋಗುವಂತೆ ಮಾಡಿ, ದಿನವೂ ತೆರೆಯುವ ಆ್ಯಪ್‌ಗಳನ್ನು ಡಾಕ್‌ನಲ್ಲೇ ಖಾಯಂ ಮಾಡಿ. ಮೌಸ್ ಬಂದಾಗ ಐಕಾನ್ ಉಬ್ಬುವ ಮ್ಯಾಗ್ನಿಫಿಕೇಶನ್ ನೋಡಲು ಚೆಂದ, ಕೆಲಸಕ್ಕೆ ದಂಡ.

ಗಾತ್ರಕ್ಕೆ ಸೆಟ್ಟಿಂಗ್ಸ್‌ವರೆಗೆ ಹೋಗಬೇಕಿಲ್ಲ. ಡಾಕ್‌ನಲ್ಲಿರುವ ತೆಳು ಗೆರೆಯನ್ನು ಹಿಡಿದು ಮೇಲೆ ಕೆಳಗೆ ಎಳೆದರೆ ಐಕಾನ್ ಹಿಗ್ಗುತ್ತದೆ, ಕುಗ್ಗುತ್ತದೆ. ಎಷ್ಟು ಎಳೆದರೂ ದೊಡ್ಡದಾಗದಿದ್ದರೆ ಕೆಟ್ಟಿದೆ ಎಂದಲ್ಲ, ಡಾಕ್ ಆಗಲೇ ಪರದೆಯ ಅಂಚಿನಿಂದ ಅಂಚಿಗೆ ಮುಟ್ಟಿದೆ ಎಂದರ್ಥ. ಒಂದೆರಡು ಐಕಾನ್ ಕಿತ್ತರೆ ಉಳಿದವು ಬೆಳೆಯುತ್ತವೆ.

ಇನ್ನು ಸ್ಪೇಸಸ್. 2007ರ ಲೆಪರ್ಡ್ ಆವೃತ್ತಿಯಿಂದ ಇದು ಇದ್ದರೂ ಅನೇಕರು ಒಮ್ಮೆ ನೋಡಿ ಬಿಟ್ಟಿದ್ದಾರೆ. ಕಾರಣ ಒಂದು ಸ್ವಿಚ್ಚು ಎಂದು ನನ್ನ ಗುಮಾನಿ: Automatically rearrange Spaces based on most recent use. ಇದು ಮೊದಲೇ ಆನ್ ಆಗಿರುತ್ತದೆ; ಹಾಗಾಗಿ ಎರಡನೆಯದಾಗಿದ್ದ ಡೆಸ್ಕ್‌ಟಾಪ್ ಊಟ ಮುಗಿಸಿ ಬರುವಷ್ಟರಲ್ಲಿ ಮೂರನೆಯದಾಗಿರಬಹುದು. ಮೊದಲು ಇದನ್ನು ಆಫ್ ಮಾಡಿ.

ನಮ್ಮ ಅನುವಾದಕರಿಗೆ ಮೂರು ಡೆಸ್ಕ್‌ಟಾಪ್ ಸಾಕು. ಒಂದರಲ್ಲಿ ಮೂಲ ಮತ್ತು ಅನುವಾದ ಅಕ್ಕಪಕ್ಕ, ಎರಡರಲ್ಲಿ ನಿಘಂಟು ತೆರೆದ ಬ್ರೌಸರ್, ಮೂರರಲ್ಲಿ ಮೇಲ್ ಮತ್ತು ವಾಟ್ಸ್ಆ್ಯಪ್. ಕಂಟ್ರೋಲ್ ಜೊತೆ ಮೇಲಿನ ಬಾಣ ಒತ್ತಿ, ಬಲಮೂಲೆಯ ಪ್ಲಸ್ ಗುರುತಿನಿಂದ ಇವನ್ನು ಸೃಷ್ಟಿಸಿ. ಆಮೇಲೆ ಕೀಲಿಮಣೆ ಶಾರ್ಟ್‌ಕಟ್‌ಗಳ ಪಟ್ಟಿಯ ಮಿಷನ್ ಕಂಟ್ರೋಲ್ ಭಾಗದಲ್ಲಿ ಕಂಟ್ರೋಲ್-1, 2, 3ಕ್ಕೆ ಟಿಕ್ ಹಾಕಿ. ಈ ಕ್ರಮ ತಪ್ಪಿದರೆ ಇಲ್ಲದ ಡೆಸ್ಕ್‌ಟಾಪ್‌ನ ಸಾಲು ಆ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಮೂರನೆಯ ಡೆಸ್ಕ್‌ಟಾಪ್‌ನಲ್ಲಿ ನಿಂತು ಡಾಕ್‌ನ ಮೇಲ್ ಐಕಾನ್ ಮೇಲೆ ಬಲ ಕ್ಲಿಕ್ ಮಾಡಿ, Options ಒಳಗಿನ This Desktop ಆರಿಸಿದರೆ ಮೇಲ್ ಇನ್ನು ಅಲ್ಲಿಯೇ ತೆರೆಯುತ್ತದೆ.

ಬ್ರೌಸರ್‌ಗೆ ಮಾತ್ರ ಹೀಗೆ ಮಾಡಬೇಡಿ. ಈ ಕಟ್ಟುಪಾಡು ಇಡೀ ಆ್ಯಪ್‌ಗೆ ಅನ್ವಯಿಸುತ್ತದೆಯೇ ಹೊರತು ಒಂದೊಂದು ವಿಂಡೋಗಲ್ಲ. ಮೇಲ್‌ನಲ್ಲಿ ಬಂದ ಲಿಂಕ್ ಒತ್ತಿದರೂ ನಿಘಂಟಿನ ಪಕ್ಕದಲ್ಲೇ ತೆರೆದು ಕೂರುತ್ತದೆ. ಅದನ್ನು None ಎಂದೇ ಬಿಟ್ಟು, ವಿಂಡೋವನ್ನು ಮಿಷನ್ ಕಂಟ್ರೋಲ್‌ನಲ್ಲಿ ಬೇಕಾದ ಡೆಸ್ಕ್‌ಟಾಪ್‌ಗೆ ಎಳೆದು ಹಾಕುವುದು ಲೇಸು.

ಡೆಸ್ಕ್‌ಟಾಪ್ ಬದಲಾದರೂ ಡಾಕ್ ಬದಲಾಗುವುದಿಲ್ಲ ಎಂಬುದು ಈ ಏರ್ಪಾಟಿನ ಮಿತಿ. ಮೇಲ್ ಮೂರನೆಯದರಲ್ಲಿದ್ದರೂ ಅದರ ಕೆಂಪು ಅಂಕಿ ಮೊದಲನೆಯದರಲ್ಲೂ ಕಣ್ಣು ಕುಕ್ಕುತ್ತದೆ. ಅದಕ್ಕೆ ಮದ್ದಿರುವುದು ನೋಟಿಫಿಕೇಶನ್ ಸೆಟ್ಟಿಂಗ್‌ನಲ್ಲಿ: ಮೇಲ್ ಹೆಸರನ್ನು ಒತ್ತಿ ಬ್ಯಾಡ್ಜ್ ಆಯ್ಕೆಯನ್ನು ಆಫ್ ಮಾಡಿಬಿಡಿ. ವಾಟ್ಸ್ಆ್ಯಪ್‌ಗೂ ಇದೇ.