ಪ್ಯಾಕೆಟ್ ಹಿಂದಿನ ಕಥೆ ನಂಬೋ ಹಾಗಿದೆಯಾ?

ಮಂಚೇನಹಳ್ಳೀಲಿ ಗಾಣದ ಎಣ್ಣೆ ಮಾಡ್ತೀರಾ?
ಬಾಟಲಿ ಮೇಲೆ ಏನು ಬರೆದಿದ್ದೀರಿ?
"ತಲೆಮಾರುಗಳ ಪರಂಪರೆ, ಶುದ್ಧತೆಯ ಭರವಸೆ" ಅಂತಾನಾ?

ಬಸ್ಸಲ್ಲಿ ಪಕ್ಕದವರು "ಯಾವೂರು?" ಅಂದ್ರೆ,
"ಇಲ್ಲೇ ಹತ್ರ" ಅಂದ ಹಾಗಾಯ್ತು.
ಯಾರು ನಂಬ್ತಾರೆ?

ಮೈಸೂರು ಸ್ಯಾಂಡಲ್ ಸೋಪಿನ ಕಥೆ ನೋಡಿ.
1914ರಲ್ಲಿ ಮಹಾಯುದ್ಧ ಶುರುವಾಯ್ತು.
ಶ್ರೀಗಂಧದ ರಫ್ತು ನಿಂತೋಯ್ತು.
ಕಡಿದ ಮರ ರಾಶಿ ಬಿತ್ತು.
ಆಗ ದಿವಾನರು ಯಾರು?
ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು!
ಮರದಿಂದ ಇಲ್ಲೇ ಎಣ್ಣೆ ತೆಗೆದ್ರು.
ಆ ಎಣ್ಣೆಯಿಂದಲೇ ಸೋಪು ಬಂತು.

ಹೊಗಳಿಕೆ ಒಂದೂ ಇಲ್ಲ.
ಕಷ್ಟ ಇದೆ, ಇಸವಿ ಇದೆ,
ಕಷ್ಟಕ್ಕೆ ಮಾಡಿದ ಕೆಲಸ ಇದೆ.
ಅದಕ್ಕೇ ನಂಬಿಕೆ ಬರುತ್ತೆ.

ನಿಮ್ಮದೂ ಹಾಗೇ ಬರೀರಿ.
ಉದಾಹರಣೆಗೆ,
"2019ರಲ್ಲಿ ಕಡಲೆಕಾಯಿ ಬೆಲೆ ಬಿತ್ತು.
12 ಮೂಟೆ ಮನೇಲೇ ಉಳೀತು.
ಮಾರೋಕೆ ಮನಸ್ಸಾಗದೆ ಗಾಣ ಹಾಕಿದ್ವಿ."
ಬಾಟಲಿಗೆ ಇಷ್ಟು ಸಾಕು.

ವೆಬ್‌ಸೈಟಲ್ಲಿ ಗಾಣದ ಫೋಟೋ ಹಾಕಿ.
ಎಣ್ಣೆ ಅಂಟಿದ ಕೈ, ಹಿಂಡಿ ಬೀಳೋ ಜಾಗ, ಎಲ್ಲಾ ಕಾಣಲಿ.
ಹೊರಗಿಂದ ಕಡಲೆಕಾಯಿ ತರ್ತೀರಾ?
ಅದನ್ನೂ ಬರೀರಿ.
ಮುಚ್ಚಿಟ್ರೆ, ಊರವರೇ ಕಾಮೆಂಟ್ ಹಾಕ್ತಾರೆ.

ಈಗ ನಿಮ್ಮ ಹೆಸರು ಅಳಿಸಿ,
ಪಕ್ಕದ ಅಂಗಡಿ ಹೆಸರು ಹಾಕಿ ಓದಿ.
ಕಥೆ ಅವರಿಗೂ ಒಪ್ಪುತ್ತಾ?
ಹಾಗಾದ್ರೆ ಮತ್ತೆ ಬರೀರಿ.