ಅಮ್ಮನ ಡಯಾಲಿಸಿಸ್, ಮೂವರ ವಾಟ್ಸಾಪ್ ಗುಂಪು

ಮೈಸೂರಿನಲ್ಲಿರುವ ಅಮ್ಮನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್, ಪ್ರತಿ ಸಲ ಸುಮಾರು ನಾಲ್ಕು ಗಂಟೆ ಎಂದುಕೊಳ್ಳಿ. ದೊಡ್ಡ ಮಗಳು ಅಮ್ಮನ ಜೊತೆಗೇ ಇದ್ದಾಳೆ, ಚಿಕ್ಕವಳು ಬೆಂಗಳೂರಿನಲ್ಲಿ, ಮಗ ಪುಣೆಯಲ್ಲಿ.

ಇಂಥ ಮನೆಗಳಲ್ಲಿ ಜಗಳ ಹುಟ್ಟುವುದು ಹೆಚ್ಚಾಗಿ ದುಡ್ಡಿನಿಂದಲ್ಲ, ಲೆಕ್ಕಕ್ಕೇ ಬಾರದ ದುಡಿಮೆಯಿಂದ. ತಿಂಗಳ ಖರ್ಚು 30,000 ರೂಪಾಯಿ ಆದರೆ ತಲಾ ಹತ್ತು ಸಾವಿರ ಎನ್ನುವುದು ಸಮಪಾಲು, ನ್ಯಾಯವಲ್ಲ. ಸೋಮವಾರ, ಬುಧವಾರ ಆಸ್ಪತ್ರೆಯಲ್ಲಿ ಕೂರುವ ಅಕ್ಕ 5,000 ಕೊಡಲಿ. ಶುಕ್ರವಾರ ಬರುವ ತಂಗಿ 10,000, ದೂರದ ತಮ್ಮ 15,000. ಜೊತೆಗೆ ಮೂರು ತಿಂಗಳಿಗೊಮ್ಮೆ ತಮ್ಮ ಒಂದು ವಾರ ಬಂದು ನಿಲ್ಲಲಿ. ಆ ವಾರ ಅಕ್ಕನಿಗೆ ರಜೆ. ಬಿಲ್ಲಿನ ಫೋಟೊ ಅಂದೇ ಗುಂಪಿಗೆ ಬೀಳಬೇಕು.

ಆಸ್ಪತ್ರೆಯ ಸುದ್ದಿಗೂ ಒಂದೇ ಅಚ್ಚು ಇರಲಿ: “ಸೋಮವಾರ. ಮೊದಲು 54.5 ಕೆಜಿ, ನಂತರ 52.3. ಬಿಪಿ 140/80. ಮುಂದಿನದು ಬುಧವಾರ ಬೆಳಿಗ್ಗೆ 7ಕ್ಕೆ.” “ಅಮ್ಮ ಪರವಾಗಿಲ್ಲ” ಎಂದರೆ ಏನೂ ತಿಳಿಯುವುದಿಲ್ಲ. ಎರಡು ಸರದಿಗಳ ನಡುವೆ ಏರುವ ತೂಕ ಹೆಚ್ಚಾಗಿ ಮೈಯಲ್ಲಿ ನಿಂತ ನೀರು. ಎಂದಿಗಿಂತ ಜಾಸ್ತಿ ಏರಿದರೆ ಬುಧವಾರ ಡಾಕ್ಟರನ್ನು ಕೇಳಬೇಕಾದ ಪ್ರಶ್ನೆ ಪುಣೆಯಲ್ಲಿದ್ದವನಿಗೂ ಹೊಳೆಯುತ್ತದೆ.

ಆದರೆ ಉಸಿರು ಕಟ್ಟಿದರೆ, ಫಿಸ್ಟುಲಾದಿಂದ ರಕ್ತ ನಿಲ್ಲದಿದ್ದರೆ ಮೆಸೇಜ್ ಟೈಪಿಸುತ್ತ ಕೂರಬಾರದು. ಮೊದಲು ಆಸ್ಪತ್ರೆ, ದಾರಿಯಲ್ಲಿ ಫೋನ್, ಗುಂಪು ಆಮೇಲೆ.