ಪ್ಲಗ್ ತೆಗೆದರೆ ಆಟ ಏಕೆ ಕುಂಟುತ್ತದೆ?

ಗೇಮಿಂಗ್ ಲ್ಯಾಪ್‌ಟಾಪ್ ಕೊಂಡವರೆಲ್ಲ ಒಂದಲ್ಲ ಒಂದು ದಿನ ಇದನ್ನು ಕಂಡೇ ಇರುತ್ತಾರೆ. ಆಟ ಸರಾಗವಾಗಿ ನಡೆಯುತ್ತಿರುತ್ತದೆ, ಪರದೆಯ ಮೂಲೆಯ ಎಣಿಕೆ ಸೆಕೆಂಡಿಗೆ 110 ಫ್ರೇಮ್ ಎನ್ನುತ್ತಿರುತ್ತದೆ. ಅಷ್ಟರಲ್ಲಿ ಕರೆಂಟ್ ಹೋಗುತ್ತದೆ. ಲ್ಯಾಪ್‌ಟಾಪ್ ಆರುವುದಿಲ್ಲ, ಬ್ಯಾಟರಿಯಲ್ಲಿ ಶೇಕಡ 95 ಚಾರ್ಜ್ ಇದೆ. ಆದರೂ ಎಣಿಕೆ 30ಕ್ಕೋ 45ಕ್ಕೋ ಕುಸಿದು ಅಲ್ಲೇ ನಿಲ್ಲುತ್ತದೆ. ಲಕ್ಷ ರೂಪಾಯಿ ಕೊಟ್ಟು ತಂದ ಯಂತ್ರ ಕೆಟ್ಟಿತೇ ಎಂಬ ಆತಂಕದಿಂದ ಸರ್ವಿಸ್ ಸೆಂಟರ್‌ಗೆ ಹೋಗುವವರಿದ್ದಾರೆ.

ಯಂತ್ರ ಕೆಟ್ಟಿಲ್ಲ. ಬ್ಯಾಟರಿ ಹೆಚ್ಚು ಹೊತ್ತು ಬರಲಿ ಎಂದು ಕಂಪನಿ ವೇಗ ಇಳಿಸಿದೆ ಎನ್ನುವುದು ಹೆಚ್ಚಿನವರ ಊಹೆ. ಅದರಲ್ಲಿ ಅಲ್ಪ ಸತ್ಯವಿದೆ, ಮುಖ್ಯ ಕಾರಣ ಮಾತ್ರ ಬೇರೆ. ಆ ಬ್ಯಾಟರಿ ಒಂದೇ ಹೊತ್ತಿಗೆ ಅಷ್ಟು ಶಕ್ತಿಯನ್ನು ಸುರಕ್ಷಿತವಾಗಿ ಕೊಡಲಾರದು. ಟ್ಯಾಂಕ್ ತುಂಬಿದ್ದರೂ ಸಣ್ಣ ನಲ್ಲಿಯಲ್ಲಿ ಬರುವಷ್ಟೇ ನೀರು ಬರುತ್ತದೆ. ಇಲ್ಲಿ ತೊಡಕಿರುವುದು ನಲ್ಲಿಯಲ್ಲಿ.

ಒಂದು ಸಾಮಾನ್ಯ ಮಾದರಿಯನ್ನು ತೆಗೆದುಕೊಂಡು ಲೆಕ್ಕ ಹಾಕಬಹುದು. ಇಂಟೆಲ್‌ನ ಕೋರ್ ಐ7-13700ಎಚ್ ಪ್ರೊಸೆಸರ್‌ಗೆ ಕಂಪನಿ ಸೂಚಿಸಿರುವ ಮೂಲ ಶಕ್ತಿ 45 ವ್ಯಾಟ್, ಗರಿಷ್ಠ 115 ವ್ಯಾಟ್. ಅದರ ಜೊತೆಗಿರುವ ಎನ್‌ವಿಡಿಯಾ ಆರ್‌ಟಿಎಕ್ಸ್ 4060 ಲ್ಯಾಪ್‌ಟಾಪ್ ಗ್ರಾಫಿಕ್ಸ್ ಚಿಪ್ ಅನ್ನು ತಯಾರಕರು 35ರಿಂದ 115 ವ್ಯಾಟ್‌ವರೆಗೆ ಎಷ್ಟಕ್ಕಾದರೂ ಹೊಂದಿಸಿಕೊಳ್ಳಬಹುದು. ಭಾರವಾದ ಆಟ ನಡೆಯುವಾಗ ಗ್ರಾಫಿಕ್ಸ್ 115, ಪ್ರೊಸೆಸರ್ 60, ಪರದೆ, ಫ್ಯಾನ್, ಮೆಮೊರಿ ಎಲ್ಲ ಸೇರಿ 25 ವ್ಯಾಟ್ ಎಂದುಕೊಂಡರೆ ಒಟ್ಟು 200 ವ್ಯಾಟ್ ಆಯಿತು. ಇಂಥ ಲ್ಯಾಪ್‌ಟಾಪ್‌ಗಳ ಜೊತೆ ಇಟ್ಟಿಗೆಯಷ್ಟು ದಪ್ಪದ 230 ವ್ಯಾಟ್ ಅಡಾಪ್ಟರ್ ಕೊಡುವುದು ಇದಕ್ಕೇ.

ಇನ್ನು ಬ್ಯಾಟರಿ. ಅದು 80 ವ್ಯಾಟ್-ಅವರ್‌ನದು ಎನ್ನೋಣ. 200 ವ್ಯಾಟ್ ಎಳೆದರೆ 24 ನಿಮಿಷದಲ್ಲಿ ಖಾಲಿ. ಇನ್ನೂ ದೊಡ್ಡ ಬ್ಯಾಟರಿ ಹಾಕಬಾರದೇಕೆ ಎಂದು ಕೇಳಬಹುದು. ವಿಮಾನದಲ್ಲಿ ಪ್ರಯಾಣಿಕರು ವಿಶೇಷ ಅನುಮತಿಯಿಲ್ಲದೆ ಒಯ್ಯಬಹುದಾದ ಲಿಥಿಯಂ ಬ್ಯಾಟರಿಯ ಮಿತಿ 100 ವ್ಯಾಟ್-ಅವರ್. ಅತಿ ದುಬಾರಿ ಗೇಮಿಂಗ್ ಲ್ಯಾಪ್‌ಟಾಪ್‌ಗಳ ಬ್ಯಾಟರಿ 99.9ಕ್ಕೆ ಬಂದು ನಿಲ್ಲುವುದು ಈ ಮಿತಿಯಿಂದ.

ಅದಿರಲಿ, 24 ನಿಮಿಷವೇ ಸಾಕು, ಪೂರ್ತಿ ವೇಗ ಕೊಡಿ ಎಂದರೆ? ಆಗ ನಿಜವಾದ ತೊಂದರೆ ಶುರುವಾಗುತ್ತದೆ.

ಇಂಥ ಬ್ಯಾಟರಿಯಲ್ಲಿ ಸಾಮಾನ್ಯವಾಗಿ ನಾಲ್ಕು ಸೆಲ್‌ಗಳನ್ನು ಒಂದರ ಹಿಂದೊಂದು ಜೋಡಿಸಿರುತ್ತಾರೆ. ಒಟ್ಟು ವೋಲ್ಟೇಜ್ ಸುಮಾರು 15. ಪ್ರತಿ ಸೆಲ್ಲಿನೊಳಗೂ ವಿದ್ಯುತ್ ಹರಿವಿಗೆ ಒಂದಿಷ್ಟು ತಡೆ ಇದ್ದೇ ಇರುತ್ತದೆ. ಸೆಲ್, ತಂತಿ, ಸ್ವಿಚ್ಚುಗಳೆಲ್ಲದರ ತಡೆ ಸೇರಿ 0.1 ಓಮ್ ಎಂದು ಲೆಕ್ಕಕ್ಕಾಗಿ ಹಿಡಿದುಕೊಳ್ಳೋಣ. ಲ್ಯಾಪ್‌ಟಾಪ್ 60 ವ್ಯಾಟ್ ಕೇಳಿದಾಗ ಹರಿಯುವುದು 4 ಆಂಪಿಯರ್. ಬ್ಯಾಟರಿಯೊಳಗೇ ಶಾಖವಾಗಿ ಹೋಗುವುದು 2 ವ್ಯಾಟ್‌ಗಿಂತ ಕಡಿಮೆ. 200 ವ್ಯಾಟ್ ಕೇಳಿದರೆ ಹರಿವು ಸುಮಾರು 15 ಆಂಪಿಯರ್‌ಗೆ ಏರುತ್ತದೆ, ಶಾಖ 22 ವ್ಯಾಟ್ ಆಗುತ್ತದೆ. ಕೇಳಿದ್ದು ಮೂರು ಪಟ್ಟು ಚಿಲ್ಲರೆ, ಶಾಖ ಹೆಚ್ಚಿದ್ದು ಹತ್ತು ಪಟ್ಟಿಗೂ ಮೇಲೆ. ಶಾಖ ಏರುವುದು ಆಂಪಿಯರ್‌ನ ವರ್ಗಕ್ಕೆ ತಕ್ಕಂತೆ ಆದ್ದರಿಂದ ಹೀಗೆ. ಆ 22 ವ್ಯಾಟ್ ಬಿಸಿ ಹೊರಹೋಗಲು ಬ್ಯಾಟರಿಗೆ ತನ್ನದೇ ಫ್ಯಾನ್ ಇಲ್ಲ. ಕೈ ಊರುವ ಜಾಗದ ಅಡಿಯಲ್ಲಿ, ತೆಳುವಾದ ಕವಚದೊಳಗೆ ಅದು ಕೂತಿರುತ್ತದೆ.

ಬಿಸಿಗಿಂತ ಚುರುಕಾಗಿ ಬಂದೆರಗುವುದು ವೋಲ್ಟೇಜ್ ಕುಸಿತ. ಚಾರ್ಜ್ ಇಳಿಯುತ್ತ ಬಂದಂತೆ ಬ್ಯಾಟರಿಯ ವೋಲ್ಟೇಜ್ ಕೂಡ ಇಳಿದು 13ಕ್ಕೆ ಬಂತು ಎನ್ನಿ. ಬಲ್ಬಿನಂಥ ಉಪಕರಣವಾದರೆ ವೋಲ್ಟೇಜ್ ಇಳಿದಾಗ ಮಂಕಾಗಿ ಕಡಿಮೆ ವಿದ್ಯುತ್ ಎಳೆಯುತ್ತದೆ. ಲ್ಯಾಪ್‌ಟಾಪ್ ಹಾಗಲ್ಲ. ಅದರ ಚಿಪ್‌ಗಳಿಗೆ ಬೇಕಾದ ವ್ಯಾಟ್ ಬೇಕೇ ಬೇಕು, ವೋಲ್ಟೇಜ್ ಇಳಿದಷ್ಟೂ ಅದು ಹೆಚ್ಚು ಆಂಪಿಯರ್ ಎಳೆಯುತ್ತದೆ. ಹೆಚ್ಚು ಎಳೆದಷ್ಟೂ ಒಳಗಿನ ತಡೆಯಿಂದಾಗಿ ವೋಲ್ಟೇಜ್ ಮತ್ತಷ್ಟು ಇಳಿಯುತ್ತದೆ. ಇದೇ 200 ವ್ಯಾಟ್‌ಗೆ ಲೆಕ್ಕ ಮಾಡಿದರೆ 13 ವೋಲ್ಟ್ ಇದ್ದದ್ದು 11.2ಕ್ಕೆ ಬಂದು ನಿಲ್ಲುತ್ತದೆ. ಸೆಲ್ ಒಂದಕ್ಕೆ 2.8 ವೋಲ್ಟ್, ಅಂದರೆ ಅಪಾಯದ ಅಂಚು. ಎರಡು ಮೂರು ವರ್ಷ ದುಡಿದ ಬ್ಯಾಟರಿಯಲ್ಲಿ ಒಳತಡೆ ಇಮ್ಮಡಿಸಿ 0.2 ಓಮ್ ಆಗಿದ್ದರೆ ಅದೇ ಬೇಡಿಕೆಗೆ ವೋಲ್ಟೇಜ್ 8ಕ್ಕೆ ಕುಸಿಯಬೇಕಾಗುತ್ತದೆ, ಹರಿವು 25 ಆಂಪಿಯರ್ ಆಗುತ್ತದೆ. ಅಷ್ಟಾಗುವ ಮೊದಲೇ ಬ್ಯಾಟರಿಯೊಳಗಿನ ರಕ್ಷಣಾ ಸರ್ಕ್ಯೂಟ್ ಸಂಪರ್ಕ ಕಡಿದುಬಿಡುತ್ತದೆ. ಬಳಕೆದಾರನಿಗೆ ಕಾಣುವುದಿಷ್ಟು: ಶೇಕಡ 30 ಚಾರ್ಜ್ ಇದ್ದ ಲ್ಯಾಪ್‌ಟಾಪ್ ಆಟದ ನಡುವೆ ಸದ್ದಿಲ್ಲದೆ ಆರಿಹೋಯಿತು. ಉಳಿಸದ ಕೆಲಸವೂ ಅದರ ಜೊತೆಗೆ ಹೋಯಿತು.

ಇದು ಕಾಗದದ ಮೇಲಿನ ಭಯವಲ್ಲ. ಹಳೆಯ ಐಫೋನ್‌ಗಳು ಚಾರ್ಜ್ ಇದ್ದರೂ ಥಟ್ಟನೆ ಆರಿಹೋಗುತ್ತಿದ್ದುದು ಇದೇ ಕಾರಣಕ್ಕೆ. ಆಪಲ್ 2017ರ ಜನವರಿಯಲ್ಲಿ ಕೊಟ್ಟ ಐಒಎಸ್ 10.2.1 ಅಪ್‌ಡೇಟ್‌ನಲ್ಲಿ ಸವೆದ ಬ್ಯಾಟರಿಯಿರುವ ಫೋನ್‌ಗಳ ಗರಿಷ್ಠ ವೇಗಕ್ಕೆ ಮಿತಿ ಹಾಕಿತು. ಅದನ್ನು ಸ್ಪಷ್ಟವಾಗಿ ಒಪ್ಪಿಕೊಂಡದ್ದು ಆ ವರ್ಷದ ಡಿಸೆಂಬರ್‌ನಲ್ಲಿ, ಜನ ರೊಚ್ಚಿಗೆದ್ದ ಮೇಲೆ. ಮಿತಿ ಹಾಕಿದ್ದು ತಾಂತ್ರಿಕವಾಗಿ ಸರಿಯೇ ಇತ್ತು, ಗ್ರಾಹಕರಿಗೆ ಹೇಳದೆ ಹಾಕಿದ್ದು ತಪ್ಪು. ಲ್ಯಾಪ್‌ಟಾಪ್ ಕಂಪನಿಗಳೂ ಈ ಮಾತನ್ನು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆಯುವುದಿಲ್ಲ. ಬರೆಯಬೇಕು.

ಹಾಗಾದರೆ ಮಿತಿ ಹಾಕುವವರು ಯಾರು? ಮದರ್‌ಬೋರ್ಡಿನಲ್ಲಿ ಚಾರ್ಜಿಂಗ್, ಫ್ಯಾನ್, ಕೀಬೋರ್ಡ್ ನೋಡಿಕೊಳ್ಳುವ ಪುಟ್ಟ ನಿಯಂತ್ರಕ ಚಿಪ್ ಒಂದಿರುತ್ತದೆ. ಅಡಾಪ್ಟರ್ ತೆಗೆದದ್ದು ಗೊತ್ತಾದ ಕ್ಷಣ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್‌ಗೆ ತುರ್ತು ಸಂಕೇತ ಹೋಗಿ ವೇಗ ತಟ್ಟನೆ ತಗ್ಗುತ್ತದೆ. ಬಳಿಕ ಬ್ಯಾಟರಿಗೆಂದೇ ಇಟ್ಟ ಮಿತಿಗಳು ಜಾರಿಗೆ ಬರುತ್ತವೆ. ಇಂಟೆಲ್ ಪ್ರೊಸೆಸರ್‌ನಲ್ಲಿ ಈ ಮಿತಿಗಳಿಗೆ ಪಿಎಲ್1, ಪಿಎಲ್2, ಪಿಎಲ್4 ಎಂಬ ಹೆಸರುಗಳಿವೆ. ಮೊದಲನೆಯದು ದೀರ್ಘಕಾಲ ಎಳೆಯಬಹುದಾದ ಶಕ್ತಿ, ಎರಡನೆಯದು ಕೆಲವು ಸೆಕೆಂಡುಗಳ ಮಟ್ಟಿಗೆ, ನಾಲ್ಕನೆಯದು ಕ್ಷಣಮಾತ್ರಕ್ಕೂ ದಾಟಬಾರದ ಗೆರೆ. ಬ್ಯಾಟರಿಯ ಮಟ್ಟಿಗೆ ಈ ಕೊನೆಯದೇ ಪ್ರಾಣ. ವೋಲ್ಟೇಜ್ ಕುಸಿದು ಯಂತ್ರ ಆರಲು ಮಿಲಿಸೆಕೆಂಡುಗಳ ಒಂದು ನೆಗೆತ ಸಾಕು, ಸರಾಸರಿ ಎಷ್ಟಿದ್ದರೇನು. ಗ್ರಾಫಿಕ್ಸ್ ಚಿಪ್‌ಗೂ ಹೀಗೆಯೇ ಬ್ಯಾಟರಿಗೆಂದು ಪ್ರತ್ಯೇಕ ಮಿತಿ ಇರುತ್ತದೆ. 115 ವ್ಯಾಟ್ ಕುಡಿಯುತ್ತಿದ್ದದ್ದು 40, 50ರ ಆಸುಪಾಸಿಗೆ ಬರುವುದು ಸಾಮಾನ್ಯ.

ಶಕ್ತಿ ಅರ್ಧಕ್ಕಿಂತ ಕಡಿಮೆಯಾದರೂ ವೇಗ ಅಷ್ಟೇ ಪ್ರಮಾಣದಲ್ಲಿ ಬೀಳುವುದಿಲ್ಲ ಎಂಬುದು ಸಮಾಧಾನದ ಸಂಗತಿ. ಚಿಪ್‌ನ ಗಡಿಯಾರದ ವೇಗ ಕೊನೆಯ ಮೆಟ್ಟಿಲುಗಳನ್ನು ಏರಲು ವೋಲ್ಟೇಜನ್ನೂ ಏರಿಸಬೇಕಾಗುತ್ತದೆ, ಖರ್ಚಾಗುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಹಾಗಾಗಿ ಮೇಲಿನ ವ್ಯಾಟ್‌ಗಳು ದುಬಾರಿ, ಕೆಳಗಿನವು ಅಗ್ಗ.

ಆದರೂ ಫ್ರೇಮ್ ಎಣಿಕೆ ಸರಿಯಾಗಿ 30ಕ್ಕೆ ಅಂಟಿಕೊಂಡಿದ್ದರೆ ಕಾರಣ ಬೇರೆಯೇ ಇರಬಹುದು. ಎನ್‌ವಿಡಿಯಾ 2014ರಲ್ಲಿ ತಂದ ಬ್ಯಾಟರಿ ಬೂಸ್ಟ್ ಎಂಬ ಸೌಲಭ್ಯ, ಬ್ಯಾಟರಿ ಬಾಳಿಕೆಗಾಗಿ ಫ್ರೇಮ್‌ಗಳಿಗೇ ಕಡಿವಾಣ ಹಾಕುತ್ತದೆ. ಇದನ್ನು ಆರಿಸಬಹುದು. ಕೆಲವು ಲ್ಯಾಪ್‌ಟಾಪ್‌ಗಳು ಪ್ಲಗ್ ತೆಗೆದಾಗ ಪರದೆಯನ್ನೂ 60 ಹರ್ಟ್ಸ್‌ಗೆ ಇಳಿಸುತ್ತವೆ, ಅದನ್ನೂ ಬದಲಿಸಿಕೊಳ್ಳಬಹುದು. ಬದಲಿಸಲಾಗದ್ದು ವ್ಯಾಟ್ ಮಿತಿ. ವಿಂಡೋಸ್‌ನಲ್ಲಿ ಪವರ್ ಮೋಡ್ ಅನ್ನು ಅತಿ ಹೆಚ್ಚಿನ ಸಾಮರ್ಥ್ಯಕ್ಕೆ ಇಟ್ಟರೆ ಅನುಮತಿಸಿದ ಮಿತಿಯವರೆಗೆ ಹೋಗಬಹುದೇ ಹೊರತು ಅದನ್ನು ದಾಟಲಾಗದು.

ಯಾವ ಕಾರಣ ಎಂದು ತಿಳಿಯಲು ಎನ್‌ವಿಡಿಯಾ ಚಿಪ್ ಇರುವ ಲ್ಯಾಪ್‌ಟಾಪ್‌ನಲ್ಲಿ ಆಟ ನಡೆಯುತ್ತಿರುವಾಗಲೇ ಕಮಾಂಡ್ ಕಿಟಕಿ ತೆರೆದು ಹೀಗೆ ಕೇಳಬಹುದು:

```
nvidia-smi -q -d POWER,PERFORMANCE
```

ಉತ್ತರದಲ್ಲಿ `SW Power Cap` ಎಂಬುದರ ಎದುರು `Active` ಎಂದಿದ್ದರೆ ವ್ಯಾಟ್ ಮಿತಿಯೇ ತಡೆ. ಆಗ ಚಿಪ್‌ನ ಬಿಸಿ 60 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ, ವ್ಯಾಟ್ ಒಂದೇ ಅಂಕಿಗೆ ಅಂಟಿಕೊಂಡಿರುತ್ತದೆ. ಬಿಸಿ 85 ದಾಟಿ ವೇಗ ಏರಿಳಿಯುತ್ತಿದ್ದರೆ, ಅದೂ ಪ್ಲಗ್‌ನಲ್ಲಿರುವಾಗಲೇ, ಅದು ಧೂಳು ಕಟ್ಟಿದ ಫ್ಯಾನ್‌ನ ತಕರಾರು. ಇವೆರಡನ್ನು ಬೆರೆಸಿಕೊಂಡು ಬ್ಯಾಟರಿಗೆ ಹಣ ಸುರಿಯುವವರೇ ಹೆಚ್ಚು.

ಪ್ಲಗ್ ಹಾಕಿದ್ದರೂ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿದ್ದಂತೆ ತೆವಳುವುದೂ ಉಂಟು. ಆಗ ಮೊದಲು ನೋಡಬೇಕಾದ್ದು ಅಡಾಪ್ಟರ್. ಹಲವು ಕಂಪನಿಗಳ ಅಡಾಪ್ಟರ್ ತಾನು ಎಷ್ಟು ವ್ಯಾಟ್‌ನದು ಎಂದು ಲ್ಯಾಪ್‌ಟಾಪ್‌ಗೆ ಹೇಳಿಕೊಳ್ಳುತ್ತದೆ. ಪಿನ್ ಬಾಗಿ ಆ ಗುರುತು ಸಿಗದಿದ್ದರೆ, ಅಥವಾ ಅಗ್ಗದ ಬದಲಿ ಅಡಾಪ್ಟರ್ ಹಾಕಿದ್ದರೆ, ಯಂತ್ರ ಅನುಮಾನದಿಂದ ವೇಗ ಇಳಿಸುತ್ತದೆ. 100 ವ್ಯಾಟ್‌ನ ಯುಎಸ್‌ಬಿ-ಸಿ ಚಾರ್ಜರ್ ಚುಚ್ಚಿದಾಗಲೂ ಅಷ್ಟೇ, 200 ವ್ಯಾಟ್ ಬೇಡಿಕೆಗೆ ಅದು ಸಾಲದು.

ಕರೆಂಟ್ ಹೋಗುವ ಊರುಗಳಲ್ಲಿ ಇರುವವರಿಗೆ ಒಂದು ದಾರಿ ಇದೆ. ಮನೆಯಲ್ಲಿ ಯುಪಿಎಸ್ ಇನ್ವರ್ಟರ್ ಇದ್ದರೆ ಅದರ ಸಾಕೆಟ್‌ಗೆ ಅಡಾಪ್ಟರ್ ಹಾಕಿದಾಗ ಲ್ಯಾಪ್‌ಟಾಪ್ ಮಟ್ಟಿಗೆ ಅದು ಕರೆಂಟೇ, ಪೂರ್ತಿ ವೇಗ ಸಿಗುತ್ತದೆ. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವ್ಯಾಟ್-ಅವರ್ ಶಕ್ತಿ ಇರುತ್ತದೆ, ಲ್ಯಾಪ್‌ಟಾಪ್ ಬ್ಯಾಟರಿಯ ಇಪ್ಪತ್ತು ಪಟ್ಟಿಗೂ ಹೆಚ್ಚು. ಸೈನ್ ವೇವ್ ಇನ್ವರ್ಟರ್ ಆದರೆ ಅಡಾಪ್ಟರ್‌ಗೂ ಒಳ್ಳೆಯದು. ಪಂಖ, ದೀಪಗಳ ಜೊತೆ 200 ವ್ಯಾಟ್ ಹೆಚ್ಚುವರಿ ಹೊರೆ ಹೊರುವಷ್ಟು ಇನ್ವರ್ಟರ್ ಶಕ್ತವಾಗಿದೆಯೇ ಎಂದು ಮಾತ್ರ ನೋಡಿಕೊಳ್ಳಬೇಕು.

ಹೊಸದಾಗಿ ಕೊಳ್ಳುವವರು ಅಂಗಡಿಯಲ್ಲಿ ಗ್ರಾಫಿಕ್ಸ್ ಚಿಪ್‌ನ ಹೆಸರಷ್ಟೇ ಕೇಳಿ ಬರಬಾರದು. ಒಂದೇ ಹೆಸರಿನ ಚಿಪ್ ಒಂದರಲ್ಲಿ 60 ವ್ಯಾಟ್‌ಗೆ, ಇನ್ನೊಂದರಲ್ಲಿ 115 ವ್ಯಾಟ್‌ಗೆ ಕಟ್ಟುಹಾಕಲ್ಪಟ್ಟಿರುತ್ತದೆ. ಆ ಅಂಕಿ ಎಷ್ಟು, ಜೊತೆಗೆ ಬರುವ ಅಡಾಪ್ಟರ್ ಎಷ್ಟು ವ್ಯಾಟ್, ಪ್ಲಗ್ ಇಲ್ಲದೆ ಪರೀಕ್ಷಿಸಿದ ವಿಮರ್ಶೆ ಎಲ್ಲಿದೆ, ಈ ಮೂರನ್ನು ಕೇಳಿ. ಬಸ್ಸು ರೈಲಿನಲ್ಲಿ ಕೂತು ಭಾರದ ಆಟಗಳನ್ನು ಪೂರ್ತಿ ವೇಗದಲ್ಲಿ ಆಡುವ ಆಸೆಯಿಂದ ಗೇಮಿಂಗ್ ಲ್ಯಾಪ್‌ಟಾಪ್ ಕೊಳ್ಳುತ್ತಿದ್ದರೆ, ಆ ಹಣವನ್ನು ಸದ್ಯಕ್ಕೆ ಉಳಿಸಿಕೊಳ್ಳುವುದೇ ಮೇಲು.